ಪಾಲುದಾರಿಕೆಯೋ, ಕಂಪನಿಯೋ? ನಷ್ಟ ಬಂದಾಗ ಹೊಣೆ ಯಾರದು

ನಾಲ್ವರು ರೈತರು ತಲಾ 1 ಲಕ್ಷ ರೂಪಾಯಿ ಹಾಕಿ, ಪಾಲುದಾರಿಕೆಯಲ್ಲಿ ಶೇಂಗಾ ಎಣ್ಣೆ ಗಿರಣಿಯೊಂದನ್ನು ತೆರೆದರೆನ್ನಿ. ಸುಗ್ಗಿಯಲ್ಲಿ ಅವರಲ್ಲೊಬ್ಬ ಉಳಿದವರನ್ನು ಕೇಳದೆ 12 ಲಕ್ಷದ ಶೇಂಗಾವನ್ನು ಉದ್ದರಿ ತಂದ. ಎಣ್ಣೆಯ ಧಾರಣೆ ಕುಸಿಯಿತು. ಗಿರಣಿ, ದಾಸ್ತಾನು ಎಲ್ಲವನ್ನೂ ಮಾರಿದರೂ 8 ಲಕ್ಷ ಮಾತ್ರ ಹುಟ್ಟಿತು. ಉಳಿದ 4 ಲಕ್ಷವನ್ನು ಯಾರು ಕೊಡಬೇಕು?

1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ ಸಾಮಾನ್ಯ ಪಾಲುದಾರಿಕೆ ಸಂಸ್ಥೆಯೆಂದರೆ ಆ ನಾಲ್ವರೇ. ಅವರನ್ನು ಬಿಟ್ಟು ಅದಕ್ಕೆ ಬೇರೆ ಅಸ್ತಿತ್ವವಿಲ್ಲ. ವ್ಯಾಪಾರದ ರೂಢಿಯಲ್ಲಿ ಒಬ್ಬ ಮಾಡಿದ ಖರೀದಿ ಎಲ್ಲರನ್ನೂ ಕಟ್ಟುತ್ತದೆ. ಸಾಲ ಕೊಟ್ಟವನು ನಾಲ್ವರಿಂದಲೂ ವಸೂಲು ಮಾಡಬಹುದು, ಇಲ್ಲವೇ ಒಬ್ಬನಿಂದಲೇ ಪೂರ್ತಿ 4 ಲಕ್ಷವನ್ನು ಕೇಳಬಹುದು. ಅವನು ಹಿಡಿಯುವುದು ಸಾಮಾನ್ಯವಾಗಿ ನೀರಾವರಿ ಜಮೀನಿರುವವನನ್ನೇ. ಹಾಗೆ ತೆತ್ತವನು ಉಳಿದ ಮೂವರಿಂದ ತಲಾ 1 ಲಕ್ಷ ಪಡೆಯುವ ಹಕ್ಕುಳ್ಳವನು ನಿಜ, ಆದರೆ ಅವರ ಬಳಿ ಹಣವಿರಬೇಕಲ್ಲ! ಪಾಲು ಬಿಟ್ಟು ಹೊರಬಂದವನೂ ಸಾರ್ವಜನಿಕ ಪ್ರಕಟಣೆ ಕೊಡದಿದ್ದರೆ ಆಮೇಲಿನ ಸಾಲಕ್ಕೂ ಸಿಕ್ಕಿಬೀಳಬಹುದು.

ಇದೇ ಗಿರಣಿ ಷೇರು ಬಂಡವಾಳದ ಕಂಪನಿಯಾಗಿದ್ದರೆ ಸಾಲ ಕಂಪನಿಯದು. ಸದಸ್ಯರು ಷೇರಿನ ಹಣ ಪೂರ್ತಿ ಕಟ್ಟಿದ್ದರೆ ಆ 1 ಲಕ್ಷ ಹೋಗುತ್ತದೆ, ಜಮೀನಿಗೆ ಬಾಧಕವಿಲ್ಲ. ಷೇರಿನಲ್ಲಿ 60 ಸಾವಿರ ಮಾತ್ರ ಕಟ್ಟಿದ್ದವನು ಬಾಕಿ 40 ಸಾವಿರ ತುಂಬಬೇಕು, ಅಷ್ಟೇ. ಇದನ್ನೇ ಸೀಮಿತ ಹೊಣೆ ಎನ್ನುತ್ತಾರೆ.

ಈ ರಕ್ಷಣೆಗೆ ಮೂಲ, ಕಾನೂನಿನ ದೃಷ್ಟಿಯಲ್ಲಿ ಕಂಪನಿಯೇ ಒಬ್ಬ ಪ್ರತ್ಯೇಕ ವ್ಯಕ್ತಿ ಎಂಬುದು. ಆಸ್ತಿಯೂ ಅದರದೇ. ಉತ್ತರ ಐರ್ಲೆಂಡಿನ ಭೂಮಾಲೀಕ ಮಕೌರಾ ತನ್ನ ಎಸ್ಟೇಟಿನ ಮರವನ್ನೆಲ್ಲ ಕಂಪನಿಗೆ ಮಾರಿ, ಬದಲಿಗೆ ಅದರ ಷೇರುಗಳನ್ನು ಪಡೆದ. ಮರದ ವಿಮೆಯನ್ನು ಮಾತ್ರ ತನ್ನ ಹೆಸರಿನಲ್ಲೇ ಮಾಡಿಸಿದ. 1922ರಲ್ಲಿ ಮರ ಸುಟ್ಟುಹೋಯಿತು. ಕಂಪನಿಯ ಷೇರುಗಳೆಲ್ಲ ವಾಸ್ತವದಲ್ಲಿ ಅವನವೇ ಆಗಿದ್ದರೂ ಮರ ಅವನದಲ್ಲವೆಂದು 1925ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು, ವಿಮೆ ಸಿಗಲಿಲ್ಲ. ರೈತರ ಕಂಪನಿಗೂ ಇದು ಸಲ್ಲುತ್ತದೆ. ಗೋದಾಮಿನ ವಿಮೆ, ಬ್ಯಾಂಕ್ ಖಾತೆ, ಖರೀದಿ ರಸೀದಿ ಕಂಪನಿಯ ಹೆಸರಿನಲ್ಲಿರಬೇಕು, ಅಧ್ಯಕ್ಷರ ಹೆಸರಿನಲ್ಲಲ್ಲ.

ಉತ್ಪಾದಕರ ಕಂಪನಿಗೆ 2002ರಲ್ಲಿ ಕಾನೂನಿನಲ್ಲಿ ಅವಕಾಶವಾಯಿತು. ಬೆಳೆಗಾರರು 10 ಮಂದಿ ಸೇರಿದರೆ ಅದನ್ನು ಕಟ್ಟಬಹುದು. ಆದರೆ ಲೆಕ್ಕ ಪರಿಶೋಧನೆ, ವಾರ್ಷಿಕ ಸಭೆ, ವರದಿ ಸಲ್ಲಿಕೆ ಇವುಗಳ ಖರ್ಚು ಪ್ರತಿ ವರ್ಷವೂ ಇದ್ದದ್ದೇ. ನಾಲ್ಕು ಜನರ ಬಾಡಿಗೆ ಟ್ರ್ಯಾಕ್ಟರಿಗೆ ಇಷ್ಟೆಲ್ಲ ಹೊರೆ ಬೇಕಿಲ್ಲ.

ಇನ್ನೊಂದು ಎಚ್ಚರ. ಹೊಸ ಕಂಪನಿಗೆ ಸಾಲ ಕೊಡುವಾಗ ಬ್ಯಾಂಕು ನಿರ್ದೇಶಕರ ವೈಯಕ್ತಿಕ ಜಾಮೀನನ್ನು ಕೇಳುವುದುಂಟು. ಆ ಪತ್ರಕ್ಕೆ ಸಹಿ ಹಾಕಿದವರಿಗೆ, ಆ ಸಾಲದ ಮಟ್ಟಿಗೆ, ಸೀಮಿತ ಹೊಣೆಯ ರಕ್ಷಣೆ ಉಳಿಯದು. ಸಹಿಗೆ ಮೊದಲು ಜಾಮೀನಿನ ಮೊಬಲಗು ಎಷ್ಟು, ಮುಂದಿನ ಸಾಲಗಳಿಗೂ ಅದು ಅನ್ವಯಿಸುವುದೇ ಎಂದು ಓದಿಸಿ ಕೇಳಿಕೊಳ್ಳಬೇಕು.