ಒಂದು ಕಂಪ್ಯೂಟರಿನಲ್ಲಿ ತೆರೆದು ಇನ್ನೊಂದರಲ್ಲಿ ತೆರೆಯದ ಪೆನ್‌ಡ್ರೈವ್

ಬಿಟ್‌ಲಾಕರ್ ಎಂಬುದು ಪೆನ್‌ಡ್ರೈವ್‌ಗೆ ಬೀಗ ಹಾಕಲು ವಿಂಡೋಸ್‌ನಲ್ಲೇ ಇರುವ ಸೌಲಭ್ಯ. ಇದು ಕಡತಗಳನ್ನು ಗೂಢಲಿಪಿಗೆ ಬದಲಿಸಿ, ಯಾವ ಪದ್ಧತಿಯಲ್ಲಿ ಬದಲಿಸಲಾಗಿದೆ ಎಂಬುದನ್ನು ಡ್ರೈವ್‌ನಲ್ಲೇ ಬರೆದಿಡುತ್ತದೆ. ಪಾಸ್‌ವರ್ಡ್ ಸರಿಯಾಗಿದ್ದರಷ್ಟೇ ಸಾಲದು, ಆ ಪದ್ಧತಿಯೂ ಎದುರಿನ ಕಂಪ್ಯೂಟರಿಗೆ ಗೊತ್ತಿರಬೇಕು.

ತೊಡಕು ಹುಟ್ಟುವುದು ಇಲ್ಲೇ. ವಿಂಡೋಸ್ 7 ಮತ್ತು 8.1ಕ್ಕೆ ಎಇಎಸ್-ಸಿಬಿಸಿ ಎಂಬ ಪದ್ಧತಿ ಗೊತ್ತು. 2015ರ ನವೆಂಬರ್‌ನಲ್ಲಿ ಬಂದ ವಿಂಡೋಸ್ 10ರ 1511 ಆವೃತ್ತಿ ಎಕ್ಸ್‌ಟಿಎಸ್-ಎಇಎಸ್ ಎಂಬ ಇನ್ನೊಂದನ್ನು ಸೇರಿಸಿತು. ಬೀಗ ಹಾಕುವಾಗ ವಿಂಡೋಸ್ ಎರಡು ಆಯ್ಕೆ ಕೊಡುತ್ತದೆ: ಹೊಸ ಮೋಡ್ ಮತ್ತು ಕಂಪ್ಯಾಟಿಬಲ್ ಮೋಡ್. ಹೊಸದೇ ಒಳ್ಳೆಯದಿರಬೇಕೆಂದು ಅದನ್ನು ಆರಿಸಿದವರ ಪೆನ್‌ಡ್ರೈವ್ ಹಳೆಯ ಯಂತ್ರಗಳಲ್ಲಿ ತೆರೆಯುವುದಿಲ್ಲ. ಕಂಪ್ಯೂಟರಿನೊಳಗೇ ಇರುವ ಡಿಸ್ಕ್‌ಗೆ ಹೊಸ ಮೋಡ್ ತಕ್ಕದ್ದು; ಊರೆಲ್ಲ ಸುತ್ತುವ ಪೆನ್‌ಡ್ರೈವ್‌ಗೆ ಕಂಪ್ಯಾಟಿಬಲ್ ಮೋಡೇ ಸರಿ.

ಕಚೇರಿಯ ವಿಂಡೋಸ್ 10ರಲ್ಲಿ ತೆರೆಯುವ ಪೆನ್‌ಡ್ರೈವ್ ಜೆರಾಕ್ಸ್ ಅಂಗಡಿಯ ವಿಂಡೋಸ್ 7ರಲ್ಲಿ ತೆರೆಯದಿದ್ದರೆ ಕಾರಣವನ್ನು ಹೀಗೆ ಪತ್ತೆ ಹಚ್ಚಬಹುದು. ಕಚೇರಿಯ ಕಂಪ್ಯೂಟರಿನಲ್ಲೇ ಪೆನ್‌ಡ್ರೈವ್ ತೆರೆದು, ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕು. ಪೆನ್‌ಡ್ರೈವ್‌ನ ಅಕ್ಷರ E ಆಗಿದ್ದರೆ ಬರೆಯಬೇಕಾದದ್ದು ಇದು:

```
manage-bde -status E:
```

ಉತ್ತರದಲ್ಲಿ Encryption Method ಎಂಬ ಸಾಲಿನಲ್ಲಿ XTS-AES 128 ಎಂದಿದ್ದರೆ ಅದೇ ಕಾರಣ. AES 128 ಎಂದಷ್ಟೇ ಇದ್ದರೆ ತಪ್ಪು ಬೇರೆಡೆ ಇದೆ: ಪಾಸ್‌ವರ್ಡ್ ಇರಬಹುದು, ಯುಎಸ್‌ಬಿ ಪೋರ್ಟ್ ಇರಬಹುದು.

ಒಂದು ಮೋಡ್‌ನಿಂದ ಇನ್ನೊಂದಕ್ಕೆ ನೇರವಾಗಿ ಬದಲಿಸಲು ಬರುವುದಿಲ್ಲ. ಮೊದಲು ಕಡತಗಳ ಪ್ರತಿಯನ್ನು ಬೇರೆಡೆ ಇಟ್ಟುಕೊಂಡು, ಬಿಟ್‌ಲಾಕರ್ ಸೆಟ್ಟಿಂಗ್‌ನಲ್ಲಿ ಬೀಗವನ್ನು ಪೂರ್ತಿ ತೆಗೆಯಬೇಕು. ಡ್ರೈವ್ ದೊಡ್ಡದಿದ್ದಷ್ಟೂ ಹೊತ್ತು ಹಿಡಿಯುತ್ತದೆ. ಕೆಲಸ ಮುಗಿಯುವವರೆಗೆ ಅದನ್ನು ಕೀಳಬಾರದು. ಆಮೇಲೆ ಕಂಪ್ಯಾಟಿಬಲ್ ಮೋಡ್ ಆರಿಸಿ ಮತ್ತೆ ಬೀಗ ಹಾಕಿದರೆ ಅಂಗಡಿಯ ಕಂಪ್ಯೂಟರಿನಲ್ಲೂ ಪಾಸ್‌ವರ್ಡ್ ಕೊಟ್ಟು ತೆರೆಯಬಹುದು.

ವಿಂಡೋಸ್‌ನ ಹೋಮ್ ಆವೃತ್ತಿಯ ಬಗ್ಗೆ ಅನೇಕರಿಗೆ ಅನುಮಾನವಿರುತ್ತದೆ. ಅದರಲ್ಲಿ ಪೆನ್‌ಡ್ರೈವ್‌ಗೆ ಹೊಸದಾಗಿ ಬಿಟ್‌ಲಾಕರ್ ಬೀಗ ಹಾಕಲು ಆಗದು, ಆದರೆ ಬೇರೆಡೆ ಹಾಕಿದ್ದನ್ನು ತೆರೆಯಬಹುದು.

ಮ್ಯಾಕ್‌ನ ಮಾತು ಬೇರೆ. ಅದರಲ್ಲಿ ಬಿಟ್‌ಲಾಕರ್ ಓದುವ ವ್ಯವಸ್ಥೆಯೇ ಇಲ್ಲ. ಯಾವ ಮೋಡ್ ಇದ್ದರೂ, ಬೇರೆ ತಂತ್ರಾಂಶ ಹಾಕಿಕೊಳ್ಳದೆ ಡ್ರೈವ್ ತೆರೆಯದು. ಲಿನಕ್ಸ್‌ನಲ್ಲಿ 2020ರಲ್ಲಿ ಬಂದ ಕ್ರಿಪ್ಟ್‌ಸೆಟಪ್ 2.3 ಅಥವಾ ಅದಕ್ಕಿಂತ ಹೊಸದಿದ್ದರೆ ತೆರೆಯುತ್ತದೆ.

ಓದಲಾಗದ ಡ್ರೈವ್ ಕಂಡಾಗ ಕೆಲವು ಕಂಪ್ಯೂಟರುಗಳು ಅದನ್ನು ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತವೆ. ಮ್ಯಾಕ್ ಇದನ್ನೇ ಇನಿಷಿಯಲೈಸ್ ಎನ್ನುತ್ತದೆ. ಒಳಗಿನ ಕಡತಗಳು ಆಗಲೂ ಸುರಕ್ಷಿತವಾಗಿಯೇ ಇರುತ್ತವೆ. ಒಪ್ಪಿಗೆ ಕೊಟ್ಟರೆ ಮಾತ್ರ ಕಳೆದುಹೋಗುತ್ತವೆ. ಅಂಥ ಪ್ರಶ್ನೆ ಬಂದರೆ ಬೇಡವೆಂದು ಒತ್ತಿ, ಪೆನ್‌ಡ್ರೈವನ್ನು ಮೊದಲು ಬೀಗ ಹಾಕಿದ ಕಂಪ್ಯೂಟರಿಗೇ ಒಯ್ಯಿರಿ.