ಮೂರು ಸಾಲ, ಒಂದೇ ಹಾಳೆ

ಮನೆ ಸಾಲ ಒಂದು ಬ್ಯಾಂಕಿನಲ್ಲಿ, ಕಾರಿನದು ಇನ್ನೊಂದರಲ್ಲಿ, ಪರ್ಸನಲ್ ಲೋನ್ ಮತ್ತೊಂದರಲ್ಲಿ. ಕಂತುಗಳು ತಿಂಗಳು ತಿಂಗಳು ಖಾತೆಯಿಂದ ತಾವಾಗಿ ಹೋಗುತ್ತಿರುತ್ತವೆ. ಎಲ್ಲ ಸೇರಿ ಇನ್ನೆಷ್ಟು ಬಾಕಿ ಎಂದು ಕೇಳಿದರೆ ಮಾತ್ರ ಥಟ್ಟನೆ ಹೇಳಲಾಗುವುದಿಲ್ಲ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನ ಒಂದು ಹಾಳೆ ಸಾಕು, ಉತ್ತರ ಕಣ್ಣೆದುರಿಗಿರುತ್ತದೆ.

ಒಂದು ಲೆಕ್ಕ ಹಿಡಿಯೋಣ. ಮನೆ ಸಾಲದ ಬಾಕಿ 18 ಲಕ್ಷ, ವಾರ್ಷಿಕ ಬಡ್ಡಿ 9%, ಕಂತು 18,000. ಕಾರಿನ ಬಾಕಿ 3 ಲಕ್ಷ, 10%, ಕಂತು 10,000. ಪರ್ಸನಲ್ ಲೋನ್ 2 ಲಕ್ಷ, 15%, ಕಂತು 9,500. ಹಾಳೆಯ A ಕಾಲಂ ತಿಂಗಳಿಗೆ, B, C, D ಮೂರು ಸಾಲಗಳಿಗೆ, E ಒಟ್ಟು ಬಾಕಿಗೆ. ಮೊದಲ ಸಾಲಿನಲ್ಲಿ ಹೆಸರು, ಎರಡನೆಯದರಲ್ಲಿ ಬಡ್ಡಿ ದರ, ಮೂರನೆಯದರಲ್ಲಿ ಕಂತು, ನಾಲ್ಕನೆಯದರಲ್ಲಿ ಇಂದಿನ ಬಾಕಿ ಬರೆಯಿರಿ. ಆಮೇಲೆ B5 ಮತ್ತು E4ರಲ್ಲಿ ಕ್ರಮವಾಗಿ ಈ ಸೂತ್ರಗಳು:

```
=MAX(0,B4*(1+B$2/12)-B$3)
=SUM(B4:D4)
```

B5ನ್ನು ಬಲಕ್ಕೆ Dವರೆಗೆ ಎಳೆದು, ಎಲ್ಲವನ್ನೂ ಕೆಳಕ್ಕೆ ಎಳೆಯಿರಿ. ಡಾಲರ್ ಚಿಹ್ನೆ ಇರುವುದರಿಂದ ಎಷ್ಟು ಕೆಳಗೆ ಹೋದರೂ ದರ ಮತ್ತು ಕಂತು ಮೇಲಿನ ಸಾಲುಗಳಿಂದಲೇ ಬರುತ್ತವೆ. ದರವನ್ನು ಬರೆಯುವಾಗ % ಚಿಹ್ನೆ ಬಿಟ್ಟರೆ 9 ಎಂಬುದು 900% ಆಗುತ್ತದೆ. ಬಾಕಿ ಇಳಿಯುವ ಬದಲು ಏರುತ್ತ ಹೋದರೆ ಮೊದಲು ನೋಡಬೇಕಾದ್ದು ಇದನ್ನೇ.

E5ರಲ್ಲಿ ಬರುವುದು 22,81,000. ಈ ಮನೆಯವರು ಕಟ್ಟಿದ್ದು 37,500, ಸಾಲ ಇಳಿದದ್ದು 19,000 ಮಾತ್ರ. ಉಳಿದ 18,500 ಬಡ್ಡಿಗೇ ಹೋಯಿತು. ಮನೆ ಸಾಲದ ಕಂತಿನಲ್ಲಂತೂ 13,500 ಬಡ್ಡಿ, ಅಸಲಿಗೆ ಸೇರಿದ್ದು 4,500.

ಪರ್ಸನಲ್ ಲೋನ್ 25ನೇ ತಿಂಗಳಿಗೆ ತೀರುತ್ತದೆ. ಸೂತ್ರದಲ್ಲಿ MAX ಇಲ್ಲದಿದ್ದರೆ ಆಮೇಲೂ ಕಂತು ಕಳೆಯುತ್ತಲೇ ಹೋಗಿ ಬಾಕಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಆ ಋಣ ಸಂಖ್ಯೆ ಒಟ್ಟು ಮೊತ್ತದಲ್ಲಿ ಸೇರಿ, ಇರುವ ಸಾಲವನ್ನು ಕಡಿಮೆ ಮಾಡಿ ತೋರಿಸುತ್ತದೆ. ಕಣ್ಣಿಗೆ ಬೀಳದ ತಪ್ಪು ಇದು.

‘ಫ್ಲ್ಯಾಟ್’ ದರದಲ್ಲಿ ಕೊಟ್ಟ ಸಾಲವಿದ್ದರೆ ಹೇಳಿದ ದರವನ್ನು ಹಾಗೇ ಹಾಕಬೇಡಿ. ಒಂದು ಲಕ್ಷಕ್ಕೆ 10% ಫ್ಲ್ಯಾಟ್, ಎರಡು ವರ್ಷ ಎಂದರೆ ಕಂತು 5,000. ಬಾಕಿ ಇಳಿದರೂ ಇಡೀ ಲಕ್ಷಕ್ಕೇ ಬಡ್ಡಿ ಹಾಕುವುದರಿಂದ ನಿಜವಾದ ದರ 18% ದಾಟುತ್ತದೆ. ಅದನ್ನು ಕಂಡುಕೊಳ್ಳುವ ಸೂತ್ರ:

```
=RATE(24,-5000,100000)*12
```

ಬ್ಯಾಂಕುಗಳು ದಿನದ ಲೆಕ್ಕದಲ್ಲಿ ಬಡ್ಡಿ ಹಾಕುವುದರಿಂದ ಸ್ವಲ್ಪ ವ್ಯತ್ಯಾಸ ಬರಬಹುದು. ಆದ್ದರಿಂದ ಪ್ರತಿ ತಿಂಗಳು ಸಾಲದ ಖಾತೆಯ ಸ್ಟೇಟ್‌ಮೆಂಟ್ ನೋಡಿ, ಆ ತಿಂಗಳ ಸೂತ್ರ ಅಳಿಸಿ ನಿಜವಾದ ಬಾಕಿಯನ್ನೇ ಬರೆಯಿರಿ. ಮುಂದೆ ಮನೆ ಸಾಲದ ದರ ಬದಲಾದಾಗ ಎರಡನೇ ಸಾಲನ್ನು ತಿದ್ದಿದರೆ ಸಾಕು: ಹಿಂದಿನ ತಿಂಗಳುಗಳು ಹಾಗೇ ಉಳಿದು, ಮುಂದಿನವು ಮಾತ್ರ ಹೊಸ ದರದಲ್ಲಿ ಬರುತ್ತವೆ.