ವಾರದ ಕೂಲಿ, ಏಳನೆಯ ದಿನ ಮತ್ತು ಹಾಜರಿಯ ಷರತ್ತು

ಕನ್ನಡದಲ್ಲಿ 'ವಾರ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಸೋಮವಾರ, ಬುಧವಾರ ಎಂಬಲ್ಲಿ ಅದು ಒಂದು ದಿನವನ್ನು ಹೇಳುತ್ತದೆ. 'ವಾರದ ಕೂಲಿ' ಎಂಬಲ್ಲಿ ಏಳು ದಿನಗಳ ಸಮೂಹವನ್ನು ಹೇಳುತ್ತದೆ. ನಿಘಂಟಿನಲ್ಲಿ ಈ ದ್ವ್ಯರ್ಥತೆಯಿಂದ ಯಾರಿಗೂ ನಷ್ಟವಿಲ್ಲ. ಆದರೆ ಕಟ್ಟಡದ ಕೆಲಸಗಾರನ ಹಾಜರಿ ಪಟ್ಟಿಯಲ್ಲಿ ದಿನವನ್ನು ಎಣಿಸತಕ್ಕದ್ದೋ ವಾರವನ್ನು ಎಣಿಸತಕ್ಕದ್ದೋ ಎಂಬುದು ಅವನ ಸಂಸಾರದ ಒಂದು ದಿನದ ಊಟದ ಪ್ರಶ್ನೆಯಾಗಿ ಪರಿಣಮಿಸುತ್ತದೆ. ಕೂಲಿಯು ದಿನದ ಲೆಕ್ಕದ್ದು, ಬಟವಾಡೆಯು ವಾರದ ಲೆಕ್ಕದ್ದು, ಇವೆರಡರ ನಡುವೆ ಏಳನೆಯ ದಿನದ ಸಂಬಳಸಹಿತವಾದ ಬಿಡುವು ಒಂದು ಹಾಜರಿಯ ಷರತ್ತಿಗೆ ಒಳಪಟ್ಟಿದೆ. ಈ ಷರತ್ತನ್ನು ಓದುವ ಬಗೆ ಹೇಗೆಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸುವೆವು.

ಮೊದಲು ಮೂಲಪಾಠವನ್ನು ನೋಡೋಣ. 1948ನೆಯ ಇಸವಿಯ ಕನಿಷ್ಠ ವೇತನ ಅಧಿನಿಯಮದ 13ನೆಯ ಪ್ರಕರಣವು ಪ್ರತಿ ಏಳು ದಿನಗಳಲ್ಲಿ ಒಂದು ದಿನದ ವಿಶ್ರಾಂತಿಯನ್ನೂ ಆ ದಿನಕ್ಕೆ ಪ್ರತಿಫಲವನ್ನೂ ವಿಧಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. 2025ನೆಯ ಇಸವಿಯ ನವೆಂಬರ್ 21ರಿಂದ ಈ ಅಧಿನಿಯಮದ ಸ್ಥಾನದಲ್ಲಿ 2019ರ ವೇತನ ಸಂಹಿತೆಯು ಜಾರಿಗೆ ಬಂದಿದೆ. ಅದರಲ್ಲಿಯೂ ಈ ಮಾತು 13ನೆಯ ಪ್ರಕರಣದಲ್ಲಿಯೇ ಇರುವುದು ಒಂದು ಸೋಜಿಗ. ಹಾಜರಿಯ ಷರತ್ತು ಮಾತ್ರ ಮೂಲ ಶಾಸನದಲ್ಲಿಲ್ಲ. ಅದು 1950ರ ಕೇಂದ್ರ ನಿಯಮಗಳ 23ನೆಯ ನಿಯಮದಲ್ಲಿ ಬಂದದ್ದು: ಕೆಲಸಗಾರನು ಒಬ್ಬನೇ ಮಾಲಿಕನ ಕೆಳಗೆ ಆರು ದಿನಗಳಿಗೆ ಕಡಿಮೆಯಿಲ್ಲದಂತೆ ನಿರಂತರವಾಗಿ ಕೆಲಸಮಾಡಿರಬೇಕು. ಈ ನಿಯಮವು ಕೇಂದ್ರದ ಅಧೀನದಲ್ಲಿದ್ದ ಉದ್ಯೋಗಗಳಿಗಾಗಿ ರಚಿತವಾದದ್ದು. ರಾಜ್ಯದ ವ್ಯಾಪ್ತಿಯ ಕಾಮಗಾರಿಗಳಿಗೆ ರಾಜ್ಯದ ನಿಯಮಗಳು ಬೇರೆ. ಆದರೂ ಷರತ್ತಿನ ಸ್ವರೂಪವು ಇಲ್ಲಿ ಅತ್ಯಂತ ಸ್ಪಷ್ಟವಾಗಿರುವುದರಿಂದ ಇದನ್ನೇ ಮಾದರಿಯ ಪಾಠವಾಗಿ ಇಟ್ಟುಕೊಂಡಿದ್ದೇವೆ.

ಈ ಷರತ್ತಿನ ಫಲವು ಸಾಮಾನ್ಯ ಗಣಿತಕ್ಕೆ ಒಗ್ಗುವಂಥದಲ್ಲ. ದಿನಕ್ಕೆ 600 ರೂಪಾಯಿ ಎಂದು ಭಾವಿಸೋಣ. (ಇಲ್ಲಿ ಕೊಡುವ ದರಗಳೆಲ್ಲವೂ ಲೆಕ್ಕದ ಸೌಕರ್ಯಕ್ಕಾಗಿ ಇಟ್ಟುಕೊಂಡವು, ಸರ್ಕಾರ ಪ್ರಕಟಿಸಿದವುಗಳಲ್ಲ.) ಆರು ದಿನ ಬಂದವನಿಗೆ ಬಿಡುವಿನ ದಿನವೂ ಸೇರಿ ಏಳು ದಿನದ ಕೂಲಿ, ಎಂದರೆ 4,200 ರೂಪಾಯಿ, ಐದು ದಿನ ಬಂದವನಿಗೆ ಐದೇ ದಿನದ ಕೂಲಿ, 3,000 ರೂಪಾಯಿ. ತಪ್ಪಿದ್ದು ಒಂದು ದಿನ, ಹೋದದ್ದು ಎರಡು ದಿನದ ಕೂಲಿ. ಗೈರುಹಾಜರಿಗಾಗಿ ಮಾಡುವ ಕಡಿತವು ಗೈರುಹಾಜರಾದ ಕಾಲದ ಪ್ರಮಾಣವನ್ನು ಮೀರಬಾರದೆಂದು 1936ರ ವೇತನ ಪಾವತಿ ಅಧಿನಿಯಮವು ಹೇಳಿತ್ತು, ಸಂಹಿತೆಯೂ ಹೇಳುತ್ತದೆ. ಹಾಗಿದ್ದರೆ ಒಂದಕ್ಕೆ ಎರಡು ಹೋಗುವುದು ಹೇಗೆ ಸಲ್ಲುತ್ತದೆ? ಉತ್ತರವೇನೆಂದರೆ, ಏಳನೆಯ ದಿನದ ಕೂಲಿಯು ಇಲ್ಲಿ ಕಡಿತವಾಗಲಿಲ್ಲ. ಷರತ್ತು ನೆರವೇರದುದರಿಂದ ಅದು ಹುಟ್ಟಲೇ ಇಲ್ಲ. ಶಾಸನದ ದೃಷ್ಟಿಗೆ ಈ ಭೇದ ದೊಡ್ಡದು, ಕೂಲಿಯವನ ಕೈಗೆ ಬರುವ ಹಣದಲ್ಲಿ ಇದರ ಗುರುತೂ ಇಲ್ಲ. ಆದುದರಿಂದ ಆರನೆಯ ದಿನ ಎಣಿಕೆಗೆ ಬಂದಿತೋ ಇಲ್ಲವೋ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ.

ಈಗ ಒಂದು ಉದಾಹರಣೆ. ಹುಮನಾಬಾದಿನ ದಾರಿಯಲ್ಲಿರುವ ಕಮಲಾಪುರವು ಹಿಂದೆ ಕಲಬುರಗಿ ತಾಲ್ಲೂಕಿಗೇ ಸೇರಿದ್ದು, ಈಗ ತಾನೇ ತಾಲ್ಲೂಕಿನ ಕೇಂದ್ರವಾಗಿದೆ. ಅಲ್ಲಿಯ ಒಬ್ಬ ಗೌಂಡಿಯನ್ನು ಊಹಿಸಿಕೊಳ್ಳೋಣ. ಅವನ ಗುತ್ತೇದಾರನಿಗೆ ಕಲಬುರಗಿ ನಗರದಲ್ಲೊಂದು, ಕಮಲಾಪುರದಲ್ಲೊಂದು ಕಟ್ಟಡದ ಕೆಲಸ ನಡೆದಿದೆ. ಗೌಂಡಿಯು ಸೋಮವಾರದಿಂದ ಬುಧವಾರದವರೆಗೆ ನಗರದಲ್ಲಿ ಗೋಡೆ ಕಟ್ಟಿ, ಗುರುವಾರದಿಂದ ಶನಿವಾರದವರೆಗೆ ಕಮಲಾಪುರದಲ್ಲಿ ಗಿಲಾವು ಮಾಡಿದನು. ಬಿಡುವು ಭಾನುವಾರ. ಕರ್ನಾಟಕದಲ್ಲಿ ಕನಿಷ್ಠ ವೇತನವನ್ನು ಊರುಗಳ ವರ್ಗಕ್ಕನುಸಾರವಾಗಿ ವಲಯ ವಿಂಗಡಿಸಿ ಗೊತ್ತುಪಡಿಸುವ ವಾಡಿಕೆಯುಂಟಾದುದರಿಂದ ಮಹಾನಗರಪಾಲಿಕೆಯಿರುವ ನಗರಕ್ಕೂ ಸಣ್ಣ ಊರಿಗೂ ದರದಲ್ಲಿ ವ್ಯತ್ಯಾಸವಿರಬಹುದು. ನಗರದಲ್ಲಿ 600, ಕಮಲಾಪುರದಲ್ಲಿ 560 ಎಂದಿಟ್ಟುಕೊಳ್ಳೋಣ.

ಎರಡು ಕೆಲಸದ ಸ್ಥಳಗಳಿಗೆ ಎರಡು ಹಾಜರಿ ಪಟ್ಟಿಗಳು. ನಗರದ ಗುಮಾಸ್ತನ ಪಟ್ಟಿಯಲ್ಲಿ ಮೂರು ಹಾಜರಿ, ಕಮಲಾಪುರದ ಪಟ್ಟಿಯಲ್ಲಿ ಮೂರು ಹಾಜರಿ. ಎರಡರಲ್ಲಿಯೂ ಆರು ದಿನ ಕಾಣುವುದಿಲ್ಲ. ಎರಡರಲ್ಲಿಯೂ ಉಳಿದ ಮೂರು ದಿನಗಳ ಮನೆಗಳು ಖಾಲಿಯಾಗಿ, ಅವನು ವಾರದ ಅರ್ಧಭಾಗ ಗೈರುಹಾಜರಾದವನಂತೆ ತೋರುತ್ತಾನೆ. ಬಟವಾಡೆಯಲ್ಲಿ ಅವನಿಗೆ ಬರುವುದು 1,800 ಮತ್ತು 1,680, ಒಟ್ಟು 3,480. ಇಬ್ಬರು ಗುಮಾಸ್ತರೂ ತಮ್ಮ ತಮ್ಮ ಪಟ್ಟಿಗೆ ಪ್ರಾಮಾಣಿಕರಾಗಿಯೇ ಇದ್ದಾರೆ. ತಪ್ಪಿರುವುದು ಪಾಠವನ್ನು ಓದಿದ ರೀತಿಯಲ್ಲಿ. ನಿಯಮವು ಆರು ದಿನಗಳನ್ನು ಕೇಳಿದ್ದು 'ಒಬ್ಬನೇ ಮಾಲಿಕನ ಕೆಳಗೆ' ಎಂದು, 'ಒಂದೇ ಸ್ಥಳದಲ್ಲಿ' ಎಂದಲ್ಲ. ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನಿರಂತರವಾದ ಆರು ದಿನಗಳು ತಾವಾಗಿಯೇ ತುಂಬಿಕೊಳ್ಳುತ್ತವೆ, ಭಾನುವಾರದ ಕೂಲಿಯೂ ಹುಟ್ಟುತ್ತದೆ.

ಹುಟ್ಟಿದ ಆ ಕೂಲಿ ಎಷ್ಟು? ಬಿಡುವಿನ ದಿನಕ್ಕೆ ಅದರ ನಿಕಟಪೂರ್ವದ ದಿನಕ್ಕೆ ಅನ್ವಯಿಸುವ ದರದಂತೆ ಕೊಡತಕ್ಕದ್ದೆಂದು ನಿಯಮ. ಶನಿವಾರ ಅವನು ಕಮಲಾಪುರದಲ್ಲಿದ್ದನಾದ್ದರಿಂದ 560. ಒಟ್ಟು 4,040 ರೂಪಾಯಿ. ಅದೇ ಕೆಲಸವನ್ನು ತಿರುಗಿಸಿ ಮೊದಲ ಮೂರು ದಿನ ಕಮಲಾಪುರ, ಕೊನೆಯ ಮೂರು ದಿನ ನಗರ ಎಂದಿದ್ದರೆ 4,080 ಆಗುತ್ತಿತ್ತು. ನಲವತ್ತು ರೂಪಾಯಿಯ ಈ ಭೇದ ಅಲ್ಪವೇ ಸರಿ. ಆದರೂ ಪ್ರತಿ ಶನಿವಾರ ಬೆಳಿಗ್ಗೆ ತಪ್ಪದೆ ಕಮಲಾಪುರಕ್ಕೆ ಆಳುಗಳನ್ನು ಕಳುಹಿಸುವ ಗುತ್ತೇದಾರನು ಗಿಲಾವಿನ ಅವಸರಕ್ಕಾಗಿಯೇ ಹಾಗೆ ಮಾಡುತ್ತಾನೆಂದು ನಂಬಲು ನಾವು ಸ್ವಲ್ಪ ಹಿಂಜರಿಯುತ್ತೇವೆ.

'ಕೆಲಸಮಾಡಿದ ದಿನ' ಎಂಬುದಕ್ಕೂ ವ್ಯಾಖ್ಯಾನ ಬೇಕು. ನಿಯಮಕ್ಕೆ ಜೋಡಿಸಿದ ವಿವರಣೆಯು ಆ ಪದದ ಅರ್ಥವನ್ನು ಹಿಗ್ಗಿಸುತ್ತದೆ: ಬರಹೇಳಿ ಕೆಲಸ ಕೊಡದೆ ಬರಿಯ ಹಾಜರಿಯ ಭತ್ಯೆ ಕೊಟ್ಟ ದಿನವೂ, ಮಾಲಿಕನು ಮಂಜೂರು ಮಾಡಿದ ರಜೆಯ ದಿನವೂ, ಅದಕ್ಕೆ ಸಂಬಳವಿರಲಿ ಇಲ್ಲದಿರಲಿ, ಕೆಲಸಮಾಡಿದ ದಿನವೆಂದೇ ಭಾವಿಸಲ್ಪಡುತ್ತದೆ. ಮುಂದಿನ ವಾರ ನಮ್ಮ ಗೌಂಡಿಯು ಆರು ದಿನವೂ ನಗರಕ್ಕೇ ಗೊತ್ತಾಗಿದ್ದಾನೆನ್ನೋಣ. ಬುಧವಾರ ಮರಳಿನ ಲಾರಿ ಬಾರದೆ ಹನ್ನೊಂದು ಗಂಟೆಗೆ ಎಲ್ಲರನ್ನೂ ಮನೆಗೆ ಕಳುಹಿಸಲಾಯಿತು. ಶನಿವಾರ ಬಂಧುಗಳ ಮನೆಯ ಕಾರ್ಯಕ್ಕೆಂದು ಅವನು ಮೊದಲೇ ಕೇಳಿ ಬಿಡುವು ಪಡೆದಿದ್ದನು. ಗುಮಾಸ್ತನು ಬುಧವಾರಕ್ಕೆ ಅರ್ಧ ಹಾಜರಿ, ಶನಿವಾರಕ್ಕೆ ಗೈರು ಎಂದು ಬರೆದು ನಾಲ್ಕೂವರೆ ದಿನಕ್ಕೆ 2,700 ರೂಪಾಯಿ ಎಣಿಸಿದನು. ಸರಿಯಾದ ಲೆಕ್ಕವು ಬೇರೆ. ದುಡಿಯಲು ಸಿದ್ಧನಾಗಿ ಬಂದವನಿಗೆ ಮಾಲಿಕನ ಕಡೆಯ ಕೊರತೆಯಿಂದ ಪೂರ್ಣ ಕೆಲಸ ಸಿಕ್ಕದಿದ್ದರೆ ಪೂರ್ಣ ದಿನದ ಕೂಲಿ ಸಲ್ಲತಕ್ಕದ್ದೆಂಬುದು 1948ರ ಅಧಿನಿಯಮದ 15ನೆಯ ಪ್ರಕರಣದಿಂದಲೂ ಬಂದ ಮಾತು. ಶನಿವಾರಕ್ಕೆ ಕೂಲಿಯಿಲ್ಲ, ಆದರೆ ಎಣಿಕೆಯಲ್ಲಿ ಅದಕ್ಕೆ ಸ್ಥಾನವುಂಟು. ಆದುದರಿಂದ ಐದು ದಿನಕ್ಕೆ 3,000, ಭಾನುವಾರಕ್ಕೆ 600, ಒಟ್ಟು 3,600. ಶನಿವಾರ ಅವನು ಏನೂ ಸಂಪಾದಿಸಲಿಲ್ಲವಲ್ಲ, ನಿಕಟಪೂರ್ವ ದಿನದ ದರ ಸೊನ್ನೆಯಾಗಬೇಡವೇ ಎಂದು ಕೆಲವರು ವಾದಿಸಬಹುದು. ಪಾಠದಲ್ಲಿರುವುದು ಆ ದಿನಕ್ಕೆ 'ಅನ್ವಯಿಸುವ ದರ', ಆ ದಿನ 'ಗಳಿಸಿದ ಹಣ' ಅಲ್ಲ.

ಹೀಗೆ 900 ರೂಪಾಯಿಯ ಅಂತರವು ಪಟ್ಟಿಯ ಎರಡು ಗುರುತುಗಳಲ್ಲಿ ಅಡಗಿದೆ. ಕೇಳಿ ಪಡೆದ ರಜೆಗೂ ಹೇಳದೆ ತಪ್ಪಿಸಿಕೊಂಡುದಕ್ಕೂ ಒಂದೇ ಗುರುತನ್ನು ಹಾಕುವ ಪಟ್ಟಿಯಿಂದ ವಾರದ ಕೂಲಿಯನ್ನು ನಿರ್ಣಯಿಸುವುದು ಅಸಾಧ್ಯ. ರಜೆಯ ಅನುಮತಿ ಬಾಯಿಮಾತಿನದಾಗಿದ್ದರೆ ಆಮೇಲೆ ಅದನ್ನು ಸಾಧಿಸುವುದು ಇನ್ನೂ ಕಷ್ಟ.

ಇಷ್ಟು ಹೇಳಿದ ಮೇಲೆ ಈ ನಿಯಮದ ದೊಡ್ಡ ಮಿತಿಯೊಂದನ್ನು ಹೇಳದಿದ್ದರೆ ವಾಚಕರನ್ನು ತಪ್ಪುದಾರಿಗೆ ಎಳೆದಂತಾದೀತು. ಪ್ರಕಟವಾದ ಕನಿಷ್ಠ ದಿನದ ದರವು ತಿಂಗಳ ದರವನ್ನು 26ರಿಂದ ಭಾಗಿಸಿ ಬಂದುದಾದರೆ ಬಿಡುವಿನ ದಿನಕ್ಕೆ ಬೇರೆ ಕೂಲಿ ಕೊಡಬೇಕಾಗಿಲ್ಲವೆಂದು ಅದೇ ನಿಯಮದ ಉಪಬಂಧವು ಹೇಳುತ್ತದೆ. ಕಾರಣ ಸರಳ: ತಿಂಗಳಿಗೆ ನಾಲ್ಕು ಬಿಡುವುಗಳನ್ನು ಕಳೆದು ಉಳಿದ 26 ದಿನಗಳ ಮೇಲೆ ಇಡೀ ತಿಂಗಳ ವೇತನವನ್ನು ಹಂಚಿದಾಗ ಭಾನುವಾರದ ಪಾಲು ಕೆಲಸದ ದಿನಗಳೊಳಗೇ ಕರಗಿಹೋಗಿರುತ್ತದೆ. ಆದಕಾರಣ ಮೇಲಿನ ಲೆಕ್ಕಗಳು ಸಲ್ಲುವುದು ದಿನದ ದರವು ಹಾಗೆ ಭಾಗಿಸಿ ಬಂದುದಲ್ಲದೆ ಇದ್ದಾಗ, ಅಥವಾ ದರಕ್ಕೆ ಹೊರತಾಗಿ ಬಿಡುವಿನ ಕೂಲಿಯನ್ನು ಒಪ್ಪಂದವೇ ಕೊಟ್ಟಿರುವಾಗ.

ಇಲ್ಲಿಯೇ ಒಂದು ಮೋಸಕ್ಕೆ ಎಡೆಯುಂಟು. ತಿಂಗಳ ಕನಿಷ್ಠ ವೇತನ 15,600 ಎಂದು ಭಾವಿಸಿದರೆ 26ರಿಂದ ಭಾಗಿಸಿದ ದಿನದ ದರ 600; ಆರು ದಿನಕ್ಕೆ 3,600. ಗುತ್ತೇದಾರನು ಅದನ್ನೇ 30ರಿಂದ ಭಾಗಿಸಿ, "ದಿನಕ್ಕೆ 520 ಕೊಡುತ್ತೇನೆ, ಭಾನುವಾರದ ಸೂಟಿಗೂ ಪಗಾರ ಕೊಡುತ್ತೇನೆ" ಎನ್ನುತ್ತಾನೆ. ಏಳು ದಿನಕ್ಕೆ 3,640. ಪೂರ್ಣ ಹಾಜರಿಯ ವಾರವನ್ನು ನೋಡಿದರೆ ಅವನು ಹೆಚ್ಚು ಕೊಟ್ಟಂತೆಯೇ ಕಾಣುತ್ತದೆ. ತಪಾಸಣೆಗೆ ಬಂದವರ ಮುಂದೆ ಇಂಥ ವಾರದ ಪಟ್ಟಿಯನ್ನೇ ತೆರೆದಿಡುವುದು ಸಹಜ. ಒಂದು ದಿನ ತಪ್ಪಿದ ವಾರವನ್ನು ತೆರೆದು ನೋಡಬೇಕು. 26ರ ದರದಲ್ಲಿ ಐದು ದಿನಕ್ಕೆ 3,000 ಬರಬೇಕಾದಲ್ಲಿ, 30ರ ದರದಲ್ಲಿ ಭಾನುವಾರವೂ ಷರತ್ತಿನಿಂದ ಬಿದ್ದುಹೋಗಿ 2,600 ಮಾತ್ರ ಬರುತ್ತದೆ. ಭಾನುವಾರದ ಪಾಲನ್ನು ದಿನದ ದರದಿಂದ ಹೊರತೆಗೆದು ಷರತ್ತಿನ ಕೈಗೊಪ್ಪಿಸಿದ್ದರಿಂದ ಈ 400 ರೂಪಾಯಿ ಮಾಯವಾಯಿತು. 520 ಎಂಬುದು ಪ್ರಕಟವಾದ ಕನಿಷ್ಠ ದಿನದ ದರಕ್ಕಿಂತ ಕಡಿಮೆಯಾದುದರಿಂದ ಉಪಬಂಧದ ಆಶ್ರಯವೂ ಅವನಿಗಿಲ್ಲ.

ಇನ್ನೊಂದು ಷರತ್ತನ್ನು ಕೆಲವು ಕಡೆ ಬಾಯಿಮಾತಿನಲ್ಲಿ ಸೇರಿಸುವುದುಂಟು: ಸೋಮವಾರ ಕೆಲಸಕ್ಕೆ ಬಂದರೆ ಮಾತ್ರ ಭಾನುವಾರದ ಕೂಲಿ. ನಿಯಮದ ನೋಟವು ಬಿಡುವಿನ ಹಿಂದಿನ ಆರು ದಿನಗಳ ಕಡೆಗಲ್ಲದೆ ಮುಂದಿನ ದಿನದ ಕಡೆಗೆ ತಿರುಗುವುದಿಲ್ಲ. ವಾರದ ಲೆಕ್ಕದ ವೇತನವನ್ನು ವಾರದ ಕೊನೆಯ ಕೆಲಸದ ದಿನ, ಬಿಡುವಿಗೆ ಮೊದಲೇ, ಕೊಟ್ಟು ತೀರಿಸತಕ್ಕದ್ದೆಂದು ಸಂಹಿತೆಯ 17ನೆಯ ಪ್ರಕರಣವು ವಿಧಿಸಿದೆ. ಶನಿವಾರ ಸಂಜೆ ಎಣಿಸಿ ಕೊಡಬೇಕಾದ ಹಣಕ್ಕೆ ಸೋಮವಾರದ ಹಾಜರಿಯನ್ನು ಷರತ್ತಾಗಿಸುವುದೆಂತು?